ಕೊಂಬಿನ ಹಸುವೂ ನನ್ನ ಸುತ್ತೋಲೆಯೂ

ಆ ಪೋಸ್ಟರನ್ನು ನಾನು ಮೊದಲು ನೋಡಿದ್ದು ಕನಕಪುರದ ಒಂದು ಬೂಸಾ ಅಂಗಡಿಯಲ್ಲಿ. ಊರಿಗೆ ಹೊರಟಿದ್ದೆ. ಸಾತನೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ನಮ್ಮ ಕಂಪನಿಯ ಪಶು ಆಹಾರದ ಮೂಟೆಗಳನ್ನು ಹೇಗೆ ಜೋಡಿಸಿದ್ದಾರೆ ನೋಡೋಣ ಎಂದು ಒಳಗೆ ಹೋದೆ. ನಾನು ಆ ಕಂಪನಿಯ ಬ್ರ್ಯಾಂಡ್ ಮ್ಯಾನೇಜರ್ ಎಂದು ಅಂಗಡಿಯವರಿಗೆ ಹೇಳಲಿಲ್ಲ. ಹೇಳುವ ಮೊದಲೇ ಗೋಡೆ ಕಂಡಿತು.

ಗೋಡೆ ತುಂಬ ಒಂದು ಫ್ಲೆಕ್ಸ್. ಮೇಲೆ ನಮ್ಮ ಲೋಗೊ. ಅಂದರೆ ನಮ್ಮದು ಎಂದು ಹೇಳಿಕೊಳ್ಳುವ ಒಂದು ಲೋಗೊ. ನಮ್ಮದು ಹಸಿರು ವೃತ್ತದೊಳಗೆ ನಾಲ್ಕೇ ಗೆರೆಯಲ್ಲಿ ಬರೆದ ಹಸುವಿನ ತಲೆ, ಕೊಂಬಿಲ್ಲ. ಇದರಲ್ಲಿ ಎರಡು ದೊಡ್ಡ ಕೊಂಬು, ಕೊಂಬಿಗೆ ಹಳದಿ ಬಣ್ಣ, ಹಣೆಗೆ ಕುಂಕುಮ. ಅದರ ಕೆಳಗೆ ಸಾಲಾಗಿ ಹದಿನಾಲ್ಕು ಹಸುಗಳ ಫೋಟೋ, ಒಂದೊಂದರ ಪಕ್ಕ ಅದರ ಯಜಮಾನಿ ಹೆಂಗಸಿನ ಮುಖ. ಹುಟ್ಟುಹಬ್ಬದ ಫ್ಲೆಕ್ಸುಗಳಲ್ಲಿ ಮುಖಂಡರನ್ನು ಜೋಡಿಸುತ್ತಾರಲ್ಲ, ಹಾಗೆ. ಕೆಳಗೆ ಮೂಲೆಯಲ್ಲಿ ಕೈ ಮುಗಿದುಕೊಂಡು ನಮ್ಮ ಆ ಭಾಗದ ಸೇಲ್ಸ್‌ಮನ್. ಅದಕ್ಕೂ ಕೆಳಗೆ ದಪ್ಪಕ್ಷರದಲ್ಲಿ: 'ಕೊಂಬಿನ ಗುರುತು ನೋಡಿ ಕೊಳ್ಳಿ.'

ಇಬ್ಬರು ಹೆಂಗಸರು ಅದರ ಮುಂದೆ ನಿಂತಿದ್ದರು. 'ನೋಡಕ್ಕ, ನಮ್ ಗೌರಿ ಹೆಂಗ್ ಬಂದೌಳೆ. ನಾನೇ ಒಸಿ ಕಪ್ಪಗ್ ಬಂದ್ಬುಟ್ಟಿವ್ನಿ.'

'ನೀನ್ ಇರಾದೇ ಹಂಗಲ್ವೇನೆ' ಎಂದಳು ಇನ್ನೊಬ್ಬಳು. ಇಬ್ಬರೂ ನಕ್ಕರು. ಹಸುವಿನ ಫೋಟೋದ ಫೋಟೋ ಹೊಡೆದುಕೊಂಡರು.

ನನ್ನ ಪೋಸ್ಟರ್ ಎಲ್ಲಿದೆ ಎಂದು ಹುಡುಕಿದೆ. ಬೆಂಗಳೂರಿನ ಒಂದು ಏಜೆನ್ಸಿಯ ಜೊತೆ ಮೂರು ತಿಂಗಳು ಕೂತು ಮಾಡಿಸಿದ್ದು. ಬಿಳಿ ಜಾಗ ಎಷ್ಟಿರಬೇಕು, ಹಸಿರು ಯಾವ ಹಸಿರು ಎಂದು ಅವರ ಜೊತೆ ಜಗಳವಾಡಿದ್ದೆ. ಅದು ಉಪ್ಪಿನ ಚೀಲಗಳ ಕೆಳಗೆ ಇತ್ತು. ತೇವ ಹಿಡಿಯಬಾರದು ಎಂದು ನೆಲಕ್ಕೆ ಹಾಸಿದ್ದರು.

ಬಸ್ಸಿನಲ್ಲಿ ಕೂತು ಸಾತನೂರು ಬರುವವರೆಗೂ ನಾನು ಯೋಚಿಸಿದ್ದು ಲೋಗೊ ಬದಲಿಸಬಾರದೆಂಬ ನಿಯಮದ ಬಗ್ಗೆ ಅಲ್ಲ. ಆ ಇಬ್ಬರು ಹೆಂಗಸರು ನಗುತ್ತಿದ್ದುದರ ಬಗ್ಗೆ. ಅದನ್ನು ಹೊಟ್ಟೆಕಿಚ್ಚು ಎನ್ನದೆ ಬೇರೆ ಏನೂ ಅನ್ನಲಾಗದು, ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ.

ನಮ್ಮ ಮನೆತನದಲ್ಲಿ ಡಿಗ್ರಿ ಎಂದು ಮಾಡಿದ್ದು ನಾನೇ ಮೊದಲು. ಗಂಡಸರಲ್ಲೂ ಯಾರೂ ಮಾಡಿರಲಿಲ್ಲ. ಕಾಲೇಜಿಗೆ ಮೂರು ವರ್ಷ ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ಹೋಗಿದ್ದೇನೆ. ಆಮೇಲೆ ಬೆಂಗಳೂರಿನ ಹಾಸ್ಟೆಲ್ಲು, ಎಂಬಿಎ. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಎದ್ದು ನಿಂತು ಮಾತಾಡಲಾಗದೆ ಕೂತುಬಿಟ್ಟಿದ್ದೆ. ಎರಡನೆಯದರಲ್ಲಿ ಕೂರಲಿಲ್ಲ. ಇದನ್ನೆಲ್ಲ ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆ ಇಲ್ಲ. ಯಾರೂ ಕೊಟ್ಟದ್ದಲ್ಲ.

ಆ ಸೇಲ್ಸ್‌ಮನ್ ನಮ್ಮ ಹೈಸ್ಕೂಲೇ. ನನಗಿಂತ ಎರಡು ವರ್ಷ ಮುಂದೆ. ಪಿಯುಸಿ ಮುಗಿಸಿ ಬಿಟ್ಟ. ಬೈಕಿನಲ್ಲಿ ಕನಕಪುರ, ಮಾಗಡಿ ಎರಡೂ ತಾಲ್ಲೂಕು ಸುತ್ತುತ್ತಿದ್ದ. ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಡೇರಿ ಮುಂದೆ ನಿಂತಿರುತ್ತಿದ್ದ. ಯಾರ ಹಸು ಕರು ಹಾಕಿತು, ಯಾರದಕ್ಕೆ ಕೆಚ್ಚಲು ಬಾವು, ಎಲ್ಲ ಅವನಿಗೆ ಗೊತ್ತು. ಆಫೀಸಿನಲ್ಲಿ ಎಲ್ಲರ ಮುಂದೆ ನನ್ನನ್ನು ಮೇಡಂ ಎನ್ನುತ್ತಿದ್ದ. ಆ ಮೇಡಂನಲ್ಲಿ ವ್ಯಂಗ್ಯ ಇದೆಯೇನೋ ಎಂದು ಎಷ್ಟೋ ಸಲ ಕಿವಿಗೊಟ್ಟು ಕೇಳಿದ್ದೇನೆ. ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವತ್ತು ಮನೆಗೆ ಹೋದರೆ ಅವ್ವ ಕೇಳಿದಳು, 'ಆ ಹುಡ್ಗ ನಿಮ್ ಕಂಪ್ನಿನೇ ಅಲ್ವಾ? ಫ್ಲೆಕ್ಸ್‌ಗೆ ನಮ್ ಹಸೀನ್ ಫೋಟೋನೂ ಹಿಡ್ಕೊಂಡೋದ, ಮುಂದಿನ್ ಸಲ ಹಾಕ್ತಾನಂತೆ.'

'ನೀನ್ ಯಾಕವ್ವ ಹಿಡಿಸ್ಕೊಂಡೆ? ಕಂಪನೀಲಿ ನಾನಿಲ್ವಾ?'

'ನೀನ್ ಯಾವತ್ತಾರ ಕೇಳ್ದಾ?' ಎಂದಳು ಅವ್ವ. 'ನೀವ್ ಬರ್ದಿರೋ ಹಸ ನೋಡಿವ್ನಿ ಕನ. ಬೋಳ್ತಲೆ. ಕತ್ತೆ ಇದ್ದಂಗ್ ಐತೆ.'

ಸೀಮೆ ಹಸುಗಳಿಗೆ ಈಗ ಕರುವಿನಲ್ಲೇ ಕೊಂಬು ಸುಡಿಸುತ್ತಾರೆ, ಅದು ಆಧುನಿಕ ಹೈನುಗಾರಿಕೆಯ ಗುರುತು, ಅದಕ್ಕೇ ಹಾಗೆ ಬರೆಸಿದ್ದೇವೆ ಎಂದು ನಾನು ಅವ್ವನಿಗೆ ವಿವರಿಸಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, 'ಆಯ್ತು ಬುಡು' ಎಂದಳು.

ಇನ್ನೊಂದು ವಿಷಯ ನಾನು ಅವ್ವನಿಗೆ ಹೇಳಲಿಲ್ಲ. ನಾಲ್ಕು ತಿಂಗಳ ಹಿಂದೆ ರಾಮನಗರದಲ್ಲಿ ನಡೆದ ಮೀಟಿಂಗಿನಲ್ಲಿ ಅವನು ಎದ್ದು ಕೇಳಿದ್ದ: 'ಮೇಡಂ, ನಮ್ ಹಸೀಗೆ ಕೊಂಬು ಬರ್ಸಿ. ಜನ ಹಸ ಅಂತ್ಲೇ ಒಪ್ತಿಲ್ಲ.' ಎಲ್ಲರೂ ನಕ್ಕರು. ನಾನು 'ಆಗಲಿ, ನೋಡೋಣ' ಎಂದಿದ್ದೆ. ನಮ್ಮ ಆಫೀಸಿನಲ್ಲಿ 'ನೋಡೋಣ' ಎಂದರೆ ಆಗುವುದಿಲ್ಲ ಎಂದು. ಅದು ಆಫೀಸಿನೊಳಗೆ ಕೂರುವವರಿಗೆಲ್ಲ ಗೊತ್ತು. ಅವನು ಹೊರಗೆ ತಿರುಗುವವನು. ನಮ್ಮೂರ ಕಡೆ ದೊಡ್ಡವರು ಆಗಲಿ ಎಂದರೆ ಆಯಿತು ಎಂದೇ. ನಾನು ಅದೇ ಊರಿನವಳು, ನನಗೆ ಅದು ಮರೆತಿತ್ತು. ಮುಂದಿನ ಮೂಟೆಗಳು ಕೊಂಬಿನ ಜೊತೆಯೇ ಬರುತ್ತವೆ ಎಂದು ನಂಬಿ, ಕನಕಪುರದ ಫ್ಲೆಕ್ಸ್ ಅಂಗಡಿಯಲ್ಲಿ ನಮ್ಮ ಲೋಗೊಗೆ ಕೊಂಬು ಬರೆಸಿದ. ವಾಟ್ಸಾಪಿನಲ್ಲಿ ಬಂದ ಮಸುಕು ಲೋಗೊ ಮೇಲೆ ಅಂಗಡಿಯವನು ಕೈಯಿಂದಲೇ ತಿದ್ದಿದ್ದ. ಆ ಭಾಗದಲ್ಲಿ ಆಗ ನಕಲಿ ಫೀಡು ಬರುತ್ತಿದೆ ಎಂಬ ಸುದ್ದಿ ಇತ್ತು. ಅದಕ್ಕೇ ಆ ಸಾಲು, ಕೊಂಬಿನ ಗುರುತು ನೋಡಿ ಕೊಳ್ಳಿ.

ಜನ ನೋಡಿಯೇ ಕೊಂಡರು. ಅಥವಾ ಕೊಳ್ಳಲಿಲ್ಲ.

ಹದಿನೈದು ದಿನದ ಮೇಲೆ ಸಾತನೂರು ಪಕ್ಕದ ಒಂದು ಹಳ್ಳಿಗೆ ನಮ್ಮ ಲಾರಿ ಹೋಯಿತು. ಡೇರಿಯ ಕಾರ್ಯದರ್ಶಿ ತರಿಸಿದ್ದ ಲೋಡು. ಮೊದಲ ಮೂಟೆ ಇಳಿಯುತ್ತಲೇ ಒಬ್ಬ ಹೆಂಗಸು ಮೂಟೆ ನೋಡಿದಳು, ಡೇರಿ ಗೋಡೆಯ ಮೇಲೆ ಅವನು ಹಾಕಿಸಿದ್ದ ಫ್ಲೆಕ್ಸ್ ನೋಡಿದಳು. 'ಇದ್ಕೆ ಕೊಂಬೆಲ್ಲೈತೆ? ಇದು ಡೂಪ್ಲಿಕೇಟು' ಎಂದಳು. ಕಾರ್ಯದರ್ಶಿ ಸಮಜಾಯಿಷಿ ಹೇಳಿದ. 'ನೀನೂ ಅವ್ರೂ ಒಂದೇನಾ ಹಂಗಾರೆ?' ಎಂದು ಅವನನ್ನೇ ಹಿಡಿದುಕೊಂಡರು. ಅಸಲಿ ಮೂಟೆಗಳು ನಕಲಿ ಎಂದಾಗಿ ಲಾರಿ ತುಂಬಿದ ಹಾಗೇ ವಾಪಸ್ಸು ಬಂತು. ಆ ವಾರದಲ್ಲೇ ಮಾಗಡಿ ಕಡೆಯ ಎರಡು ಊರಲ್ಲೂ ಹೀಗೇ ಆಯಿತು.

ಸುದ್ದಿ ಕೇಳಿದಾಗ ನನ್ನ ಮುಖದಲ್ಲಿ ನಗು ಬಂದಿತ್ತು. ಕಂಪನಿಗೆ ನಷ್ಟವಾಗಿದೆ, ನಾನು ಕಂಪನಿಯವಳು, ಆದರೂ ಬಂದಿತ್ತು.

ಸೇಲ್ಸ್ ಮುಖ್ಯಸ್ಥರು ಕರೆದರು. ಕಂಪನಿಯ ವಕೀಲರೂ ಇದ್ದರು. ವಕೀಲರು ಹೇಳಿದ್ದು ಸರಳ: 'ನಾವು ನೋಂದಾಯಿಸಿರೋದು ಒಂದು ಗುರುತು. ನಿಮ್ಮವರೇ ಮೂರು ಥರ ಬಳಸ್ತಿದ್ದಾರೆ. ನಾಳೆ ಯಾವನೋ ಕೊಂಬಿನ ಹಸು ಹಾಕಿ ಮೂಟೆ ಹೊಲಿಸಿ ಮಾರ್ತಾನೆ. ಕೋರ್ಟಲ್ಲಿ ನಮ್ಮ ಗುರುತು ಯಾವುದು ಅಂತ ಕೇಳಿದರೆ ಏನು ತೋರಿಸಲಿ?' ಆಮೇಲೆ ಇನ್ನೊಂದು ಪೋಸ್ಟರ್ ಮೇಜಿನ ಮೇಲಿಟ್ಟರು. ಚನ್ನಪಟ್ಟಣದ ಇನ್ನೊಬ್ಬ ಸೇಲ್ಸ್‌ಮನ್ ಮಾಡಿಸಿದ್ದು. 'ದಿನಕ್ಕೆ ಎರಡು ಲೀಟರ್ ಹಾಲು ಹೆಚ್ಚು, ಗ್ಯಾರಂಟಿ' ಎಂದಿತ್ತು. 'ಇದಕ್ಕೆ ಪುರಾವೆ ಯಾರ ಹತ್ತಿರ ಇದೆ?'

ಯಾರ ಹತ್ತಿರವೂ ಇರಲಿಲ್ಲ. ಸುತ್ತೋಲೆ ಬರೆಯುವ ಕೆಲಸ ನನ್ನದಾಯಿತು.

ಅದುವರೆಗೆ ಕಂಪನಿಯ ಸುತ್ತೋಲೆಗಳೆಲ್ಲ ಇಂಗ್ಲಿಷಿನಲ್ಲಿ ಹೋಗುತ್ತಿದ್ದವು. ಇದನ್ನು ಕನ್ನಡದಲ್ಲಿ ಬರೆಯುತ್ತೇನೆ ಎಂದು ಹಟ ಹಿಡಿದೆ. ಚೆನ್ನಾಗಿಯೇ ಬರೆದೆ, ಈಗ ಓದಿದರೂ ತಪ್ಪು ಕಾಣುವುದಿಲ್ಲ.

'ಎಲ್ಲ ಮಾರಾಟ ಸಿಬ್ಬಂದಿಗೆ' ಎಂದು ಶುರು. 'ನಿಮ್ಮಲ್ಲಿ ಹಲವರು ಸ್ವಂತ ಆಸಕ್ತಿಯಿಂದ ಪೋಸ್ಟರ್ ಮಾಡಿಸಿದ್ದೀರಿ. ಉದ್ದೇಶ ಒಳ್ಳೆಯದು. ಆದರೆ ಇನ್ನು ಮುಂದೆ ಅದಕ್ಕೆ ಅವಕಾಶವಿಲ್ಲ. ಕಾರಣ ತಿಳಿದುಕೊಳ್ಳಿ. ರೈತರು ಮೂಟೆಯ ಮೇಲಿನ ಅಕ್ಷರ ಓದುವುದಕ್ಕಿಂತ ಮೊದಲು ಗುರುತು ನೋಡುತ್ತಾರೆ. ಗೋಡೆಯ ಮೇಲೆ ಒಂದು ಗುರುತು, ಮೂಟೆಯ ಮೇಲೆ ಇನ್ನೊಂದು ಇದ್ದರೆ ಅಸಲಿಯನ್ನೇ ನಕಲಿ ಎನ್ನುತ್ತಾರೆ. ನಕಲಿ ಮಾಡುವವನಿಗೆ ದಾರಿ ತೆರೆದಂತಾಗುತ್ತದೆ. ಆದ್ದರಿಂದ ಲೋಗೊಗೆ ಏನನ್ನೂ ಸೇರಿಸಬೇಡಿ, ಬಣ್ಣ ಬದಲಿಸಬೇಡಿ, ಎಳೆದು ಅಗಲ ಮಾಡಬೇಡಿ, ಸುತ್ತ ಬಿಟ್ಟಿರುವ ಖಾಲಿ ಜಾಗದಲ್ಲಿ ಏನನ್ನೂ ತುಂಬಬೇಡಿ. ವಾಟ್ಸಾಪಿನಲ್ಲಿ ಬಂದ ಚಿತ್ರದಿಂದ ಮುದ್ರಿಸಬೇಡಿ, ನಾವು ಕಳಿಸುವ ಫೈಲಿನಿಂದ ಮಾತ್ರ ಮುದ್ರಿಸಿ. ಮೂಟೆಯ ಮೇಲೆ ಇಲ್ಲದ ಭರವಸೆಯನ್ನು ಪೋಸ್ಟರಿನಲ್ಲಿ ಕೊಡಬೇಡಿ. ರೈತರ ಫೋಟೋವನ್ನು ಲಿಖಿತ ಒಪ್ಪಿಗೆ ಇಲ್ಲದೆ ಹಾಕಬೇಡಿ. ಹಾಲು ಒಕ್ಕೂಟದ ಗುರುತು, ಮುಖಂಡರ ಚಿತ್ರ ಬೇಡ. ಈಗಿರುವ ಪೋಸ್ಟರುಗಳನ್ನು ಈ ವಾರದೊಳಗೆ ತೆಗೆದು, ತೆಗೆದ ಗೋಡೆಯ ಫೋಟೋ ಕಳಿಸಿ.'

ಕೆಳಗೆ ಒಂದು ಉದಾಹರಣೆ ಹಾಕಿ ಎಂದರು ಮುಖ್ಯಸ್ಥರು. 'ತಪ್ಪು ಯಾವುದು ಅಂತ ಕಣ್ಣಿಗೆ ಕಾಣಲಿ. ಆ ಕೊಂಬಿನದೇ ಹಾಕಿ.' ಬಾಗಿಲ ಹತ್ತಿರ ಹೋದವರು ತಿರುಗಿ, 'ಪಾಪ, ಏರಿಯಾ ಆಫೀಸರ್ ಮಾಡೋಣ ಅಂತಿದ್ದೆ ಅವನನ್ನ. ಗುರುವಾರ ಹೇಳಬೇಕು. ಲಾರಿ ವಿಷಯ ಮ್ಯಾನೇಜ್ ಮಾಡಬಹುದು, ಲೋಗೊ ಭಾಗ ಮಾತ್ರ ತೋರಿಸಿ ಸಾಕು' ಎಂದರು.

ಹಾಗಾಗಿ ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ನನ್ನ ಕಂಪ್ಯೂಟರಿನಲ್ಲಿ ಎರಡು ಫೈಲುಗಳಿದ್ದವು. ಒಂದರಲ್ಲಿ ಬರೀ ಲೋಗೊ. ಇನ್ನೊಂದರಲ್ಲಿ ಪೂರ್ತಿ ಫ್ಲೆಕ್ಸ್, ಕೆಳಗೆ ಕೈ ಮುಗಿದ ಅವನು. ಪೂರ್ತಿ ತೋರಿಸಿದರೆ ತಾನೆ ಫೋಟೋ ವಿಷಯವೂ ಅರ್ಥವಾಗುವುದು ಎಂದು ನನಗೆ ನಾನೇ ಹೇಳಿಕೊಂಡೆ. ಪೂರ್ತಿಯದನ್ನೇ ಹಾಕಿ, ಅಡ್ಡಲಾಗಿ ಒಂದು ಕೆಂಪು ಗೆರೆ ಎಳೆದೆ. ಗೆರೆ ಅವನ ಎದೆಯ ಮೇಲೆ ಮುಗಿಯುತ್ತಿತ್ತು. ಸೋಮವಾರ ಬೆಳಿಗ್ಗೆ ಸೇಲ್ಸ್ ಗುಂಪಿಗೂ ಡೀಲರುಗಳ ಗುಂಪಿಗೂ ಕಳಿಸಿದೆ.

ಗುಂಪಿನಲ್ಲಿ ಮೊದಲು ಬಂದದ್ದು ಅವನ ಉತ್ತರವೇ: 'ಸರಿ ಮೇಡಂ. ಇವತ್ತೇ ತೆಗೆಸ್ತೀನಿ.' ಸಂಜೆಯೊಳಗೆ ಒಂಬತ್ತು ಖಾಲಿ ಗೋಡೆಗಳ ಫೋಟೋ ಬಂದವು. ಪ್ರತಿಯೊಂದರ ಕೆಳಗೂ ಊರಿನ ಹೆಸರು ಬರೆದಿದ್ದ.

ಗುರುವಾರ ರಾಮನಗರದಲ್ಲಿ ಮೀಟಿಂಗು. ಹೋಟೆಲಿನ ಮೇಲಿನ ಹಾಲ್. ಅವನು ಒಳಗೆ ಬರುತ್ತಲೇ ಚನ್ನಪಟ್ಟಣದವನು ಕೂಗಿದ, 'ಏನ್ಲಾ, ಕೊಂಬು ಮನೇಲೇ ಬುಟ್ಟು ಬಂದಾ?'

'ಇಲ್ಲ ಕಣ್ಲಾ, ನಿನ್ ಎರಡ್ ಲೀಟ್ರು ಹಾಲ್ ಕುಡ್ದು ಉದುರೋದೋ' ಎಂದ ಅವನು. ಎಲ್ಲರೂ ನಕ್ಕರು. ಅವನೂ ನಕ್ಕ. ಕೂತ ಮೇಲೆ ನಗಲಿಲ್ಲ.

ಮುಖ್ಯಸ್ಥರು ಏರಿಯಾ ಆಫೀಸರ್ ಎಂದು ಹೇಳಿದ್ದು ಬೇರೆಯವನ ಹೆಸರು. ಕೂಗಿದನಲ್ಲ ಚನ್ನಪಟ್ಟಣದವನು, ಅವನದೇ. ಅವನ ಪೋಸ್ಟರಿನಲ್ಲಿ ಅವನ ಮುಖ ಇರಲಿಲ್ಲ, ನನ್ನ ಸುತ್ತೋಲೆಯಲ್ಲಿ ಅದರ ಚಿತ್ರವೂ ಇರಲಿಲ್ಲ. ಡೀಲರುಗಳ ಗುಂಪಿಗೆಲ್ಲ ಕೆಂಪು ಗೆರೆ ಎಳೆದ ಮುಖ ಹೋದ ಮೇಲೆ ಅದೇ ಮುಖವನ್ನು ಆಫೀಸರ್ ಎಂದು ಡೀಲರುಗಳ ಮುಂದೆ ನಿಲ್ಲಿಸುವುದು ಹೇಗೆ ಎಂದು ಮುಖ್ಯಸ್ಥರು ಆಮೇಲೆ ನನ್ನನ್ನು ಕೇಳಿದರು. ಬೈಯಲಿಲ್ಲ. 'ಲೋಗೊ ಮಾತ್ರ ಅಂದಿದ್ದೆನಲ್ಲ' ಎಂದರು ಅಷ್ಟೆ.

ಊಟದ ಹೊತ್ತಿಗೆ ಅವನು ಮೆಟ್ಟಿಲ ಹತ್ತಿರ ನಿಂತಿದ್ದ. ನಾನೇ ಹೋದೆ. ನಿಯಮ ಎಲ್ಲರಿಗೂ ಒಂದೇ ಎಂದೋ ಏನೋ ಶುರು ಮಾಡಿದೆ.

'ನೀವ್ ಬರ್ದಿರೋದು ಸರಿ ಐತೆ ಮೇಡಂ' ಎಂದ. 'ನಾನೇ ಎರಡ್ ಸಲ ಓದ್ದೆ. ಲಾರಿ ವಾಪಸ್ ಬಂದಾಗ್ಲೇ ನಂಗೆ ಗೊತ್ತಾಯ್ತು, ಎಲ್ಲಿ ಎಡವಿದೆ ಅಂತ. ಕೊಂಬು ಬತ್ತದೆ ಅಂದ್ಕಂಬುಟ್ಟಿದ್ದೆ.'

'ನಾನು ಆಗಲಿ ಅಂದಿದ್ದೆ' ಎಂದೆ.

'ಅಂದಿದ್ರಿ.' ಫೋನು ಜೇಬಿಗೆ ಹಾಕಿಕೊಂಡ. 'ಮುಖ ಯಾಕೆ ಹಾಕುದ್ರಿ ಮೇಡಂ? ಡೀಲರ್‌ಗಳು ನೋಡೋ ಗುಂಪು ಅದು. ಮನೇಲಿ ನಮ್ಮೋಳು ಕೇಳುದ್ಲು, ಏನು ಕದ್ರಿ ಅಂತ ಗೀಟ್ ಎಳ್ದವ್ರೆ ಅಂತ.'

ನನ್ನ ಹತ್ತಿರ ಉತ್ತರ ಇತ್ತು. ಹೇಳಲಾಗುವಂಥದ್ದಲ್ಲ. ನಿನ್ನ ಪೋಸ್ಟರ್ ಮುಂದೆ ಹೆಂಗಸರು ನಕ್ಕರು, ನನ್ನದರ ಮೇಲೆ ಉಪ್ಪಿನ ಚೀಲ ಇಟ್ಟಿದ್ದರು, ಅದಕ್ಕೆ. ನಮ್ಮವ್ವ ನಿನಗೆ ಹಸು ಹಿಡಿದುಕೊಂಡು ನಿಂತಳು, ಅದಕ್ಕೆ. 'ತಪ್ಪಾಯಿತು' ಎಂದಷ್ಟೇ ಹೇಳಿದೆ. ಅವನು ಪರವಾಗಿಲ್ಲ ಎನ್ನಲಿಲ್ಲ. 'ಊಟ ಮಾಡಿ ಮೇಡಂ, ಅನ್ನ ಖಾಲಿ ಆಯ್ತದೆ' ಎಂದು ಕೆಳಗಿಳಿದು ಹೋದ.

ಆ ರಾತ್ರಿಯಲ್ಲ, ಮಾರನೆಯ ದಿನವೂ ಅಲ್ಲ, ಒಂದು ವಾರ ಕಳೆದ ಮೇಲೆ ಮುಖ್ಯಸ್ಥರಿಗೆ ಬರೆದೆ. ಕೊಂಬಿನ ವಿಷಯ ಅವನು ಕೇಳಿಯೇ ಮಾಡಿದ್ದು, ನಾನು ಒಪ್ಪಿದ ಹಾಗೆ ಮಾತಾಡಿದ್ದೆ, ಮುಖ ಹಾಕಿದ್ದು ನನ್ನ ತೀರ್ಮಾನ, ಹಾಕಬೇಕಾಗಿರಲಿಲ್ಲ. ಅವರು ಓದಿ, 'ಇದನ್ನ ಗುರುವಾರದ ಮೊದಲು ಬರೆದಿದ್ದರೆ ಉಪಯೋಗ ಇತ್ತು' ಎಂದರು. ಎರಡನೆಯ ಸುತ್ತೋಲೆ ಕಳಿಸಿದೆ, ಎರಡೂ ಗುಂಪಿಗೆ. ಮೊದಲಿನ ಚಿತ್ರ ಅಳಿಸಿದ್ದೇವೆ, ಅದರಲ್ಲಿದ್ದ ಸಹೋದ್ಯೋಗಿ ಕೆಟ್ಟ ಉದ್ದೇಶದಿಂದ ಏನೂ ಮಾಡಿರಲಿಲ್ಲ, ಚಿತ್ರ ಹಾಕಿದ್ದು ನನ್ನ ತಪ್ಪು ಎಂದು ಬರೆದೆ. ಅದರ ಜೊತೆ ಹೊಸ ಪೋಸ್ಟರಿನ ಫೈಲು: ಮೇಲೆ ಲೋಗೊ ಅಲುಗಾಡದ ಹಾಗೆ, ಕೆಳಗೆ ಅರ್ಧ ಭಾಗ ಖಾಲಿ. ಅಲ್ಲಿ ಆಯಾ ಊರಿನ ಹಸುಗಳ ಫೋಟೋ ಹಾಕಿಕೊಳ್ಳಬಹುದು, ಒಪ್ಪಿಗೆ ಪತ್ರ ಬರೆಸಿಕೊಂಡು. ಆ ಅರ್ಧ ಭಾಗದ ಯೋಚನೆ ಅವನದು ಎಂದೂ ಬರೆದೆ. ಬರೆಯುವಾಗ ಬೆರಳು ಸಲೀಸಾಗಿ ಓಡಲಿಲ್ಲ ಎನ್ನುವುದನ್ನೂ ಸೇರಿಸಬೇಕು.

ಡೀಲರುಗಳು ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಅವನು ಏನೂ ಹಾಕಲಿಲ್ಲ. ಎರಡು ತಿಂಗಳಿಗೆ ರಾಜೀನಾಮೆ ಕೊಟ್ಟ. ಇನ್ನೊಂದು ಫೀಡ್ ಕಂಪನಿ ಅವನನ್ನು ಏರಿಯಾ ಆಫೀಸರ್ ಮಾಡಿಕೊಂಡಿತು. ಕನಕಪುರ, ಮಾಗಡಿ ಎರಡೂ.

ಹೋದ ತಿಂಗಳು ಮಾಗಡಿ ತಾಲ್ಲೂಕಿನ ಕೆಂಪಾಪುರದ ಕಡೆ ಒಬ್ಬ ಡೀಲರನ್ನು ನೋಡಲು ಹೋಗಿದ್ದೆ. ಎದುರು ಅಂಗಡಿಯಲ್ಲಿ ಆ ಕಂಪನಿಯ ಪೋಸ್ಟರ್ ಇತ್ತು. ರಸ್ತೆ ದಾಟಿ ಹೋಗಿ ನೋಡಿದೆ. ಮೇಲೆ ಅವರ ಲೋಗೊ, ಅಂಚು ಮಸುಕಾಗಿಲ್ಲ, ಎಳೆದಿಲ್ಲ, ಸುತ್ತ ಬಿಡಬೇಕಾದಷ್ಟು ಬಿಳಿ ಜಾಗ. ಕೆಳಗೆ ಹಸುಗಳು, ಹೆಂಗಸರು. ಹಾಲು ಇಷ್ಟು ಹೆಚ್ಚುತ್ತದೆ ಎಂದು ಎಲ್ಲೂ ಇಲ್ಲ. ಅವನ ಮುಖ ಎಲ್ಲೂ ಇಲ್ಲ.

'ಫೋಟೋ ಹಾಕೋಕೆ ಇವರನ್ನೆಲ್ಲ ಕೇಳಿದ್ದಾರಾ?' ಎಂದೆ ಅಂಗಡಿಯಾಕೆಯನ್ನು.

'ಊ ಕಣವ್ವ. ಬರೆಸ್ಕೊಂಡು ಸೈನ್ ಹಾಕುಸ್ಕೊಂಡೋದ್ರು ಆಫೀಸರು. ಇಲ್ದಿದ್ರೆ ಹಾಕಂಗಿಲ್ವಂತೆ. ತುಂಬಾ ಸ್ಟ್ರಿಕ್ಟು' ಎಂದಳು. 'ನಿಮ್ಗೂ ಹಸ ಐತಾ? ಫೋಟೋ ಕೊಡಿ, ಹೇಳಿ ಹಾಕುಸ್ತೀನಿ.'

ನನ್ನ ಸುತ್ತೋಲೆಯ ಒಂದೊಂದು ಸಾಲನ್ನೂ ಅವನು ಪಾಲಿಸಿದ್ದ. ನಮ್ಮ ಹುಡುಗರು ಇವತ್ತಿಗೂ ಅಷ್ಟು ಸರಿಯಾಗಿ ಪಾಲಿಸುವುದಿಲ್ಲ. ನಾನು ಒಂದು ತಪ್ಪಾದರೂ ಸಿಗಲಿ ಎಂದು ಬಿಸಿಲಿನಲ್ಲಿ ನಿಂತು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆ. ಸಿಗಲಿಲ್ಲ.